ಭಾನುವಾರ ಬನ್ನಿ, ಶುಕ್ರವಾರ ಹೊರಡಿ

ಪ್ರಶ್ನೆ: ನಾನು ದಾವಣಗೆರೆಯವನು. ಫೆಬ್ರವರಿಯಲ್ಲಿ ನನ್ನ ಮದುವೆ. ಮಧುಚಂದ್ರಕ್ಕೆಂದು 45 ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ, ಐದು ದಿನ ರಜೆಯಿದೆ. ಟ್ಯಾಕ್ಸಿ ಮಾಡಿಕೊಂಡು ಮೈಸೂರು, ಊಟಿ, ಕೊಡಗು ಮೂರನ್ನೂ ಮುಗಿಸಿಬಿಡು ಎಂದು ಗೆಳೆಯರು ಹೇಳುತ್ತಾರೆ. ನಾನು ಮದುವೆಯಾಗುವ ಹುಡುಗಿಯನ್ನು ಕೇಳಿದರೆ, ನಿದ್ದೆ ಮಾಡಲು ಬಿಟ್ಟರೆ ಸಾಕು, ಆದರೆ ನೆನಪಿಟ್ಟುಕೊಳ್ಳುವಂಥದ್ದು ಒಂದೆರಡಾದರೂ ಇರಲಿ ಎನ್ನುತ್ತಾಳೆ. ಇಬ್ಬರ ಮಾತೂ ನಡೆಯುವ ಹಾಗೆ ಯೋಜನೆ ಹಾಕಿಕೊಡುತ್ತೀರಾ?

ಉತ್ತರ: ಹುಡುಗಿಯ ಮಾತನ್ನೇ ಹಿಡಿಯಿರಿ. ಮೈಸೂರಿನಲ್ಲಿ ಕುಳಿತು ಇಪ್ಪತ್ತೆರಡು ವರ್ಷಗಳಿಂದ ಪರರ ಪ್ರವಾಸಗಳಿಗೆ ಲೆಕ್ಕ ಹಾಕಿಕೊಡುತ್ತಿದ್ದೇನೆ. ಮದುವೆ ಮುಗಿಸಿ ಬಂದವರು ಎಷ್ಟು ದಣಿದಿರುತ್ತಾರೆ ಎಂಬುದನ್ನು ಅವರ ಗೆಳೆಯರು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಪ್ಪರ, ಅರಿಶಿನ, ಆರತಕ್ಷತೆ, ಧಾರೆ, ಬೀಗರ ಊಟ, ಸತ್ಯನಾರಾಯಣ ಪೂಜೆ ಎಂದು ಒಂದು ವಾರ ಸರಿಯಾಗಿ ನಿದ್ದೆಯಿಲ್ಲದೆ ನಿಂತವರು ನೀವು. ಅಂಥ ಮೈಯನ್ನು ಕಾರಿನಲ್ಲಿ ಕೂರಿಸಿ ಘಾಟಿ ಹತ್ತಿಸಿದರೆ ನೆನಪಿನಲ್ಲಿ ಉಳಿಯುವುದು ತಿರುವುಗಳು ಮತ್ತು ವಾಂತಿ, ಅಷ್ಟೆ.

ಊಟಿಯನ್ನು ಮೊದಲೇ ಕೈಬಿಡಿ. ಮೈಸೂರಿನಿಂದ ಬಂಡೀಪುರದ ಮೇಲೆ ಹೋಗುವ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನೀಲಗಿರಿಗೆ ಹೊರಗಿನ ವಾಹನಗಳು 2024ರಿಂದ ಇ-ಪಾಸ್ ಪಡೆದೇ ಹೋಗಬೇಕು. ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಎರಡು ದಿನ ಅಲ್ಲಿಗೇ ಸಲ್ಲುತ್ತವೆ. ಕೊಡಗು ಒಳ್ಳೆಯ ಜಾಗ, ಆದರೆ ಅದು ಬೇರೆಯದೇ ಪ್ರವಾಸ. ಮೊದಲ ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ.

ಟ್ಯಾಕ್ಸಿಯ ಲೆಕ್ಕವನ್ನೂ ನೋಡಿಬಿಡಿ. ಹೊರ ಊರಿನ ಬಾಡಿಗೆಗೆ ಕಾರು ಕೊಡುವವರು ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಓಡಿದಂತೆ ಲೆಕ್ಕ ಹಿಡಿಯುತ್ತಾರೆ. ನೀವು ಕೋಣೆಯಲ್ಲಿ ಮಲಗಿದ್ದು, ಕಾರು ಮರದ ನೆರಳಿನಲ್ಲಿ ನಿಂತಿದ್ದರೂ ಅಷ್ಟನ್ನು ಕೊಡಲೇಬೇಕು. ಕಿಲೋಮೀಟರ್‌ಗೆ 13 ರೂಪಾಯಿಯಂತೆ 250 ಕಿಲೋಮೀಟರ್ ಎಂದರೂ ಐದು ದಿನಕ್ಕೆ 16,250 ರೂಪಾಯಿ. ಚಾಲಕನ ಭತ್ಯೆ ದಿನಕ್ಕೆ 500ರಂತೆ ಸೇರಿದರೆ 18,750. ನಿಮ್ಮ ಹಣದಲ್ಲಿ ಐದರಲ್ಲಿ ಎರಡು ಪಾಲು ಚಕ್ರಕ್ಕೆ ಹೋಯಿತು. ಹಾಗೆ ಕೊಟ್ಟ ಮೇಲೆ ಸುಮ್ಮನೆ ಮಲಗಲು ಮನಸ್ಸಾದರೂ ಬರುತ್ತದೆಯೇ? ಬಾಡಿಗೆ ದಂಡವಾಗಬಾರದೆಂದು ಬೆಳಗಾದರೆ ಎಲ್ಲಿಗಾದರೂ ಹೊರಡಬೇಕು ಎನಿಸುತ್ತದೆ. ಅದಕ್ಕೇ ನಾನು ಮಧುಚಂದ್ರದವರಿಗೆ ಇಡೀ ಪ್ರವಾಸಕ್ಕೆ ಕಾರು ಹಿಡಿದುಕೊಡುವುದಿಲ್ಲ. ರೈಲಿನಲ್ಲಿ ಬನ್ನಿ, ಬೇಕಾದ ಹೊತ್ತಿಗೆ ಮಾತ್ರ ಗಾಡಿ ಮಾಡಿಕೊಳ್ಳಿ, ಉಳಿದ ಹಣವನ್ನು ಕೋಣೆಗೆ ಹಾಕಿ.

ಇನ್ನು ವಾರದ ಲೆಕ್ಕ. ಭಾನುವಾರ ಬೆಳಿಗ್ಗೆ ಮೈಸೂರಿಗೆ ಇಳಿದು ಶುಕ್ರವಾರ ಬೆಳಿಗ್ಗೆ ಹೊರಡಿ. ಇದಕ್ಕೆ ಕಾರಣಗಳಿವೆ. ಶುಕ್ರವಾರ, ಶನಿವಾರ ರಾತ್ರಿ ಬೆಂಗಳೂರಿನವರೆಲ್ಲ ಈ ಕಡೆ ಬಂದು ಕೋಣೆಗಳ ದರ ಏರಿರುತ್ತದೆ. ಭಾನುವಾರ ಮಧ್ಯಾಹ್ನಕ್ಕೆ ಅವರು ಖಾಲಿ ಮಾಡುತ್ತಾರೆ, ದರ ಇಳಿಯುತ್ತದೆ. ಅರಮನೆಯ ಪೂರ್ಣ ದೀಪಾಲಂಕಾರ ನಡೆಯುವುದು ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳ ಸಂಜೆ. ಮೃಗಾಲಯ, ಕಾರಂಜಿ ಕೆರೆ ಎರಡಕ್ಕೂ ಮಂಗಳವಾರ ರಜೆ. ಆದ್ದರಿಂದ ಆ ದಿನ ನಗರ ಬಿಟ್ಟು ಹೊಳೆಯ ದಂಡೆಗೆ ಹೋದರೆ ಏನೋ ತಪ್ಪಿಹೋಯಿತು ಎಂಬ ಕೊರಗಿರುವುದಿಲ್ಲ. ಹೀಗೆ ಎರಡು ರಾತ್ರಿ ಮೈಸೂರಿನಲ್ಲಿ, ಮೂರು ರಾತ್ರಿ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣದ ಕಡೆ ಕಾವೇರಿಯ ಬಳಿ. ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸ ಒಂದೇ ಸಲ.

ರಾತ್ರಿ ರೈಲಿನಲ್ಲಿ ಬರುವವರು ಒಂದು ಕಡೆ ಎಡವುತ್ತಾರೆ. ರೈಲು ಬೆಳಗ್ಗೆಯೇ ಇಳಿಸುತ್ತದೆ, ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಕೈತುಂಬ ಮದರಂಗಿ, ಎರಡು ದೊಡ್ಡ ಪೆಟ್ಟಿಗೆ, ಕಣ್ಣು ಕೆಂಪಾದ ಹೊಸ ಜೋಡಿ ಸ್ವಾಗತ ಕೋಣೆಯ ಸೋಫಾದ ಮೇಲೆ ಐದು ಗಂಟೆ ಕುಳಿತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಲ್ದಾಣದ ಸುತ್ತ 24 ಗಂಟೆಯ ಲೆಕ್ಕದ ಹೋಟೆಲುಗಳೂ ಸಿಗುತ್ತವೆ. ಆದರೆ ಭಾನುವಾರ ಏಳಕ್ಕೆ ಒಳಗೆ ಹೋದರೆ ಮಂಗಳವಾರ ಏಳಕ್ಕೆ ಖಾಲಿ ಮಾಡಬೇಕು. ಹೊಳೆಯ ಕಡೆಯ ಕೋಣೆ ಸಿಗುವುದು ಮಧ್ಯಾಹ್ನವೇ. ಸೋಫಾದ ಕಷ್ಟ ಎರಡು ದಿನ ಮುಂದಕ್ಕೆ ಹೋಯಿತು, ಅಷ್ಟೆ. ಹನ್ನೆರಡರ ಲೆಕ್ಕದ ಹೋಟೆಲನ್ನೇ ಹಿಡಿದು, ಬೆಳಗಿನ ಪ್ರವೇಶಕ್ಕೆ ಅರ್ಧ ದಿನದ ಬಾಡಿಗೆ ಮೊದಲೇ ಒಪ್ಪಿಕೊಳ್ಳಿ. ಶನಿವಾರ ರಾತ್ರಿ ಕೋಣೆಗಳು ತುಂಬಿರುತ್ತವೆ, ಆದ್ದರಿಂದ ಬಾಯಿಮಾತು ಸಾಲದು. ದಿನಾಂಕ, ಗಂಟೆ, ಮೊತ್ತ ಮೂರನ್ನೂ ಹೋಟೆಲಿನವರಿಂದ ಸಂದೇಶದಲ್ಲಿ ಬರೆಸಿಕೊಳ್ಳಿ. ನಿಮ್ಮ ಇಡೀ ಪ್ರವಾಸದಲ್ಲಿ ಕೊಟ್ಟದ್ದಕ್ಕೆ ಹೆಚ್ಚು ಸುಖ ಕೊಡುವುದು ಈ 1,500 ರೂಪಾಯಿಯೇ.

ಭಾನುವಾರ ತಿಂಡಿ ತಿಂದು ಮಲಗಿ. ಊಟಕ್ಕೂ ಏಳದಿದ್ದರೆ ತಪ್ಪಿಲ್ಲ. ಸಂಜೆ ಆರೂವರೆಗೆ ಆಟೋ ಹಿಡಿದು ಅರಮನೆಗೆ ಹೋಗಿ. ಏಳು ಗಂಟೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಬಂದವರಲ್ಲಿ ಹೆಚ್ಚಿನವರು ಕಟ್ಟಡದ ಹತ್ತಿರಕ್ಕೆ ನುಗ್ಗುತ್ತಾರೆ. ನೀವು ಅಂಗಳದಲ್ಲಿ ಆದಷ್ಟು ಹಿಂದೆ, ಇಡೀ ಮುಖಭಾಗ ಒಂದೇ ನೋಟಕ್ಕೆ ಸಿಗುವ ಕಡೆ ನಿಲ್ಲಿ. ಹೊತ್ತಿಕೊಳ್ಳುವ ಆ ಕ್ಷಣದಲ್ಲಿ ಜನರ ಬಾಯಿಂದ ಒಟ್ಟಿಗೆ ಹೊರಡುವ ‘ಓ’ ಎಂಬ ಉದ್ಗಾರ ಕೇಳಲಿಕ್ಕಾದರೂ ಮೊಬೈಲನ್ನು ಜೇಬಿನಲ್ಲಿಡಿ. ಒಂದು ಗಂಟೆ ಸಾಕು. ಊಟ ಮಾಡಿ ಮತ್ತೆ ಮಲಗಿ.

ಸೋಮವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಹೊಸ ಜೋಡಿ ಮೈಸೂರಿಗೆ ಬಂದು ತಾಯಿಯ ದರ್ಶನ ಮಾಡದೆ ಹೋದರೆ ಊರಿನಲ್ಲಿ ಅತ್ತೆಯವರಿಗೆ ಏನು ಉತ್ತರ ಹೇಳುತ್ತೀರಿ? ಮಂಗಳವಾರ, ಶುಕ್ರವಾರದ ನೂಕುನುಗ್ಗಲು ಸೋಮವಾರ ಇರುವುದಿಲ್ಲ. ನಗರ ಬಸ್ ನಿಲ್ದಾಣದಿಂದ 201ನೇ ಬಸ್ಸಿನಲ್ಲಿ ಮೇಲೆ ಹೋಗಿ, ಇಳಿಯುವಾಗ ಮೆಟ್ಟಿಲಲ್ಲಿ ಬನ್ನಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮೇಲಿನಿಂದ ಸುಮಾರು ಮುನ್ನೂರು ಇಳಿದರೆ ದೊಡ್ಡ ದೇವರಾಜ ಒಡೆಯರ ಕಾಲದ ನಂದಿ. ಇಳಿಯುವಾಗ ಊರು ಉದ್ದಕ್ಕೂ ಕಣ್ಣೆದುರೇ ಇರುತ್ತದೆ, ಏದುಸಿರಿಲ್ಲದೆ ಮಾತನಾಡಲೂ ಆಗುತ್ತದೆ. ಮೊಣಕಾಲು ಮಾತು ಕೇಳದಿದ್ದರೆ ನಂದಿ ನೋಡಿ ಮೇಲಕ್ಕೇ ಹಿಂದಿರುಗಿ ಬಸ್ ಹಿಡಿಯಿರಿ.

ಮಧ್ಯಾಹ್ನ ನಿದ್ದೆ. ಸಂಜೆಗೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಇಲ್ಲೊಂದು ಮಾತು ಹೇಳಬೇಕು. ಮಧುಚಂದ್ರದವರೆಂದು ಗೊತ್ತಾದ ಕೂಡಲೇ ಹೋಟೆಲಿನವರು ವಿಶೇಷ ಪ್ಯಾಕೇಜು ಎಂದು ಎರಡೂವರೆ ಮೂರು ಸಾವಿರದ ಪಟ್ಟಿ ಮುಂದಿಡುತ್ತಾರೆ. ಅದರಲ್ಲಿರುವುದು ಹಾಸಿಗೆಯ ಮೇಲೆ ಗುಲಾಬಿಯ ಎಸಳು, ಹಂಸದಾಕಾರಕ್ಕೆ ಮಡಿಚಿದ ಎರಡು ಟವೆಲು, ಒಂದು ಕೇಕು. ಎಸಳು ಬೆಳಿಗ್ಗೆ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬೇಡವೆನ್ನಿ. ಸಂಜೆ ಮಾರುಕಟ್ಟೆಯಲ್ಲಿ ಇನ್ನೂ ಅರಳದ ಮಲ್ಲಿಗೆ ಮೊಗ್ಗಿನ ಮಾಲೆ ಕೇಳಿ ತೆಗೆದುಕೊಳ್ಳಿ. ಮೈಸೂರು ಮಲ್ಲಿಗೆ ಸಿಕ್ಕರೆ ಪುಣ್ಯ. ಈಗ ಬೆಳೆಯುವವರು ಕಡಿಮೆ, ಫೆಬ್ರವರಿಯಲ್ಲಿ ಮಲ್ಲಿಗೆಯ ಕಾಲ ಇನ್ನೂ ಶುರುವಾಗುತ್ತಿರುತ್ತದೆ. ಆದ್ದರಿಂದ ದರ ತುಸು ಹೆಚ್ಚೇ. ಬಾಳೆ ಎಲೆಯಲ್ಲಿ ಕಟ್ಟಿಸಿ, ನೀರು ಚಿಮುಕಿಸಿ ಕೋಣೆಯಲ್ಲಿಡಿ. ರಾತ್ರಿ ಹೊತ್ತಿಗೆ ಒಂದೊಂದೇ ಬಾಯಿ ಬಿಟ್ಟು, ಬೆಳಗಿನ ಜಾವದವರೆಗೂ ಕೋಣೆಯ ತುಂಬ ಪರಿಮಳ ನಿಲ್ಲುತ್ತದೆ. ಹೋಟೆಲಿನ ಪಟ್ಟಿಗೆ ಹೋಲಿಸಿದರೆ ಚಿಲ್ಲರೆ ಖರ್ಚು.

ಮಂಗಳವಾರ ಕೋಣೆ ಖಾಲಿ ಮಾಡಿ, ನಿಧಾನವಾಗಿ ಊಟ ಮುಗಿಸಿ, ಶ್ರೀರಂಗಪಟ್ಟಣದ ಕಡೆ ಹೊರಡಿ. ಹದಿನೈದು ಹದಿನಾರು ಕಿಲೋಮೀಟರ್, ಅರ್ಧ ಮುಕ್ಕಾಲು ಗಂಟೆಯ ದಾರಿ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಹೊಳೆಯ ಕಡೆಯ ಕೋಣೆ ಹಿಡಿಯುವುದರಲ್ಲೇ ನಿಮ್ಮ ಪ್ರವಾಸದ ಅಳಿವು ಉಳಿವು ಇದೆ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಜೋಡಿಗೆ ಈ ಭಾಗದ ವಿಶ್ರಾಂತಿ ಧಾಮವೊಂದರಲ್ಲಿ ಕೋಣೆ ಹಿಡಿದುಕೊಟ್ಟಿದ್ದೆ. ಮರಗಳು, ಹುಲ್ಲುಹಾಸು, ದೂರದಲ್ಲಿ ನೀರು, ಚಿತ್ರದಲ್ಲಿ ಎಲ್ಲವೂ ಚೆಂದ. ರಾತ್ರಿ ಹತ್ತಕ್ಕೆ ಆ ಹುಡುಗ ದೂರವಾಣಿ ಮಾಡಿ, ಸುಮ್ಮನೆ ಫೋನನ್ನು ಕಿಟಕಿಯ ಕಡೆ ಹಿಡಿದ. ಹುಲ್ಲುಹಾಸಿನ ಮೇಲೆ ಬೇರೊಬ್ಬರ ಆರತಕ್ಷತೆ, ಧ್ವನಿವರ್ಧಕದಲ್ಲಿ ಕುಣಿತದ ಹಾಡು. ತಮ್ಮ ಮದುವೆಯ ಗದ್ದಲದಿಂದ ತಪ್ಪಿಸಿಕೊಂಡು ಬಂದವರನ್ನು ಇನ್ನೊಂದು ಮದುವೆಯ ಪಕ್ಕದಲ್ಲಿ ಮಲಗಿಸಿದ್ದೆ! ಇಂಥ ಜಾಗಗಳಲ್ಲಿ ಹಲವಕ್ಕೆ ಕೋಣೆಯ ಬಾಡಿಗೆಗಿಂತ ಮದುವೆಯ ಬಾಡಿಗೆಯೇ ಮುಖ್ಯ ಆದಾಯ. ಅಂದಿನಿಂದ ಕೋಣೆ ಹಿಡಿಯುವ ಮುನ್ನ ಪಂಚಾಂಗ ತೆಗೆಯುತ್ತೇನೆ. ಯಾವ ದಿನ ಒಳ್ಳೆಯ ಲಗ್ನವಿದೆಯೋ ಅದರ ಹಿಂದಿನ ಸಂಜೆ ಆರತಕ್ಷತೆ ಇದ್ದೇ ಇರುತ್ತದೆ. ಮಾಘದಲ್ಲಿ ವಾರದ ನಡುವೆಯೂ ಲಗ್ನಗಳು ಬರುತ್ತವೆ. ನಿಮ್ಮ ಮದುವೆಯ ಪುರೋಹಿತರನ್ನು ಕೇಳಿದರೂ ಸಾಕು, ಹೇಳುತ್ತಾರೆ. ಆಮೇಲೆ ಆ ಜಾಗದವರಿಗೆ ಕರೆ ಮಾಡಿ, “ಮಂಗಳವಾರದಿಂದ ಗುರುವಾರದವರೆಗೆ ನಿಮ್ಮಲ್ಲಿ ಸಮಾರಂಭ ಇದೆಯೇ?” ಎಂದು ನೇರವಾಗಿ ಕೇಳಿ. “ಇದ್ದರೂ ತೊಂದರೆಯಾಗುವುದಿಲ್ಲ ಸರ್” ಎಂಬ ಉತ್ತರ ಬಂದರೆ ಇದೆ ಎಂದೇ ಅರ್ಥ.

ಇನ್ನೂ ಎರಡು ಪ್ರಶ್ನೆ ಕೇಳಿ. ಕೋಣೆಯಿಂದಲೇ ನೀರು ಕಾಣುತ್ತದೆಯೋ, ಅಂಗಳದ ತುದಿಗೆ ನಡೆದು ಹೋದರೆ ಕಾಣುತ್ತದೆಯೋ? ಎರಡಕ್ಕೂ ‘ನದಿ ನೋಟ’ ಎಂಬ ಒಂದೇ ಹೆಸರು ಇಟ್ಟಿರುತ್ತಾರೆ. ಫೆಬ್ರವರಿಯಲ್ಲಿ ಹೊಳೆ ತುಂಬಿ ಹರಿಯುವುದಿಲ್ಲ, ಬಂಡೆಗಳ ನಡುವೆ ತಿಳಿನೀರು ಇರುತ್ತದೆ. ಅದೂ ಚೆಂದವೇ, ಆದರೆ ಜಾಹೀರಾತಿನ ಮಳೆಗಾಲದ ಚಿತ್ರ ನೋಡಿ ಬಂದರೆ ಬೇಸರವಾಗುತ್ತದೆ. ಎರಡನೆಯದು, ಕಿಟಕಿಗೆ ಸೊಳ್ಳೆ ಪರದೆ ಇದೆಯೇ ಎಂಬುದು. ಸುತ್ತ ನಾಲೆ, ಗದ್ದೆ. ಮುಸ್ಸಂಜೆಗೆ ಜಗಲಿಯಲ್ಲಿ ಕೂರುವ ಆಸೆಯಿದ್ದರೆ ಪರದೆಯ ವಿಚಾರ ಚಿಕ್ಕದಲ್ಲ. ಬೆಳಗಿನ ತಿಂಡಿ ಸೇರಿ 5,500 ರೂಪಾಯಿಯ ಆಸುಪಾಸಿನಲ್ಲಿ ವಾರದ ನಡುವೆ ಒಳ್ಳೆಯ ಕೋಣೆ ಸಿಗುತ್ತದೆ. ದಿನಕ್ಕೆ 7,500 ದಾಟಿದ ಬಾಡಿಗೆಗೆ ಜಿಎಸ್‌ಟಿ ಶೇ 18, ಅದರೊಳಗಿದ್ದರೆ ಶೇ 5. ಆ ಗೆರೆ ದಾಟಬೇಡಿ.

ಬುಧವಾರ ಬೆಳಿಗ್ಗೆ ರಂಗನತಿಟ್ಟು. ಫೆಬ್ರವರಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಕಾವೇರಿಯ ನಡುಗಡ್ಡೆಗಳ ಮೇಲೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆಗಳೆಲ್ಲ ಗೂಡು ಕಟ್ಟುವ, ಮರಿಗೆ ತಿನ್ನಿಸುವ ಗಡಿಬಿಡಿಯಲ್ಲಿರುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಮೈಸೂರು ಅರಸರು ಒಪ್ಪಿ 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರು. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಬಿಸಿಲೇರಿದ ಮೇಲೆ ಶಾಲಾ ಬಸ್ಸುಗಳು ಬಂದು ದೋಣಿಗೆ ಸಾಲು ಬೆಳೆಯುತ್ತದೆ. ಹಲವರ ಜೊತೆ ಹೋಗುವ ದೋಣಿಯೂ ಇದೆ, ನೀವಿಬ್ಬರೇ ಹೋಗುವ ವಿಶೇಷ ದೋಣಿಯೂ ಇದೆ. ಇಲ್ಲಿ ಮಾತ್ರ ಹಣ ಉಳಿಸಬೇಡಿ, ವಿಶೇಷ ದೋಣಿ ಹಿಡಿಯಿರಿ. ಗೂಡಿನ ಬಳಿ ನಿಲ್ಲಿಸಿ ಎಂದರೆ ಹುಟ್ಟು ಹಾಕುವವರು ನಿಲ್ಲಿಸುತ್ತಾರೆ. ಎರಡು ನಿಮಿಷ ಯಾರೂ ಮಾತನಾಡದಿದ್ದರೆ ಮರಿಗಳು ಕೊಕ್ಕು ಕುಟ್ಟುವ ಟಕಟಕ ಸದ್ದು ಕೇಳಿಸುತ್ತದೆ. ಅಷ್ಟರಲ್ಲಿ ಪಕ್ಕದ ಬಂಡೆ ಎಂದುಕೊಂಡದ್ದು ಬಾಯಿ ತೆರೆಯುತ್ತದೆ, ಅದು ಮೊಸಳೆ. ಕೈ ನೀರಿಗಿಳಿಸಬೇಡಿ.

ಹಿಂದಿರುಗುವಾಗ ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿ ಬರಬಹುದು. ಸಂಗಮದಲ್ಲಿ ತೆಪ್ಪದವರು ಕರೆಯುತ್ತಾರೆ. ಜೀವರಕ್ಷಕ ಜಾಕೆಟ್ ಕೊಟ್ಟರೆ ಹತ್ತಿ, ಕೊಡದಿದ್ದರೆ ದಡದಲ್ಲೇ ಕಾಲು ನೆನೆಸಿಕೊಂಡು ಬನ್ನಿ. ಹನ್ನೊಂದೂವರೆಯೊಳಗೆ ಕೋಣೆಗೆ ಬಂದುಬಿಡಿ.

ಗುರುವಾರ ಬೆಳಿಗ್ಗೆ ಏನೂ ಬೇಡ. ಮಧ್ಯಾಹ್ನ ಎರಡೂವರೆಗೆ ನಾಲ್ಕೈದು ಗಂಟೆಯ ಮಟ್ಟಿಗೆ ಒಂದು ಗಾಡಿ ಮಾಡಿಕೊಂಡು ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಹೋಗಿ. 1258ರಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ, ಬೇಲೂರು ಹಳೇಬೀಡಿನ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರರ ನಂತರದ ಓರೆ ಬಿಸಿಲಿಗೆ ಪಶ್ಚಿಮದ ಗೋಡೆಯ ಒಂದೊಂದು ಬಳೆ, ಒಂದೊಂದು ಗೆಜ್ಜೆಯೂ ಎದ್ದು ಕಾಣುತ್ತದೆ. ನಡುಹಗಲಲ್ಲಿ ಬಂದವರಿಗೆ ಈ ಭಾಗ್ಯವಿಲ್ಲ, ಕಾಲೂ ಸುಡುತ್ತದೆ. ಅಲ್ಲಿ ನಾನು ಜೋಡಿಗಳಿಗೆ ಒಂದು ಆಟ ಹೇಳಿಕೊಡುತ್ತೇನೆ. ಗೋಡೆಯ ಮೂರ್ತಿಗಳನ್ನು ಕಡೆದ ಶಿಲ್ಪಿಗಳು ಪೀಠದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಅವರಲ್ಲಿ ಮಲ್ಲಿತಮ್ಮ ಎಂಬಾತನ ಹೆಸರು ಹಲವು ಕಡೆ ಇದೆ. ಹಳೆಗನ್ನಡದ ದುಂಡು ಲಿಪಿ, ಮೊದಲಿಗೆ ಗೀರಿನಂತೆ ತೋರುತ್ತದೆ. ಒಂದು ಕಡೆ ‘ಮ’ ಮತ್ತು ‘ಲ್ಲಿ’ ಗುರುತು ಹತ್ತಿದರೆ ಮುಂದೆ ಕಣ್ಣು ತಾನೇ ಹುಡುಕುತ್ತದೆ. ಮೊದಲ ಹೆಸರನ್ನು ಮಾರ್ಗದರ್ಶಿಯಿಂದ ತೋರಿಸಿಕೊಳ್ಳಿ, ಆಮೇಲೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಸುತ್ತಿ, ಯಾರಿಗೆ ಎಷ್ಟು ಸಿಕ್ಕಿತೆಂದು ಹಿಂಬದಿಯಲ್ಲಿ ಸೇರಿ ಲೆಕ್ಕ ಹಾಕಿ.

ಇದರ ಜೊತೆಗೆ ಮೇಲುಕೋಟೆಯನ್ನೂ ತುರುಕಬೇಡಿ. ಯೋಗನರಸಿಂಹನ ಬೆಟ್ಟದ ಸಂಜೆ, ಕಲ್ಯಾಣಿಯ ಮೆಟ್ಟಿಲು, ಪುಳಿಯೋಗರೆ ಮನಸ್ಸಿನಲ್ಲಿದ್ದರೆ ಸೋಮನಾಥಪುರವನ್ನು ಬಿಟ್ಟು ಅಲ್ಲಿಗೇ ಹೋಗಿ. ಎರಡೂ ಒಂದೇ ಮಧ್ಯಾಹ್ನದ್ದಲ್ಲ, ದಿಕ್ಕೂ ಬೇರೆ. ಗಗನಚುಕ್ಕಿ ಭರಚುಕ್ಕಿ ಎಂದು ಚಾಲಕ ಆಸೆ ತೋರಿಸಿದರೂ ಹೋಗಬೇಡಿ. ಫೆಬ್ರವರಿಯಲ್ಲಿ ಅಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಮುಂದೆಂದಾದರೂ ಆಗಸ್ಟಿನಲ್ಲಿ ಬಂದರೆ ಇದು ತಿರುಗುಮುರುಗು. ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ರಂಗನತಿಟ್ಟಿನ ದೋಣಿ ನಿಲ್ಲಿಸುತ್ತಾರೆ, ಗಗನಚುಕ್ಕಿ ಆಗ ನೋಡುವಂತಿರುತ್ತದೆ. ಕಾಡಿನ ಸಫಾರಿಯನ್ನು ಬೇಕೆಂದೇ ಸೇರಿಸಿಲ್ಲ. ಬೆಳಗಿನ ಜಾವ ಏಳಬೇಕು, ದೂರವೂ ಹೌದು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಅದನ್ನೇ ನಂಬಿ ದಿನ ಕಟ್ಟುವುದು ಬೇಡ.

ಲೆಕ್ಕ ಹೀಗೆ ಬರುತ್ತದೆ. ಇಬ್ಬರ ರೈಲು ಹೋಗಿ ಬರಲು 3,500. ಮೈಸೂರಿನ ಕೋಣೆ ಎರಡು ರಾತ್ರಿಗೆ 6,000, ಮೊದಲ ಬೆಳಗಿನ ಅರ್ಧ ದಿನಕ್ಕೆ 1,500. ಹೊಳೆಯ ಬದಿಯ ಕೋಣೆ ಮೂರು ರಾತ್ರಿಗೆ 16,500. ಇವೆಲ್ಲ ತೆರಿಗೆ ಸೇರಿದ ಅಂದಾಜು. ಆಟೋ, ಬಸ್ಸು, ಎರಡು ಊರುಗಳ ನಡುವಿನ ಗಾಡಿ, ರಂಗನತಿಟ್ಟು ಮತ್ತು ಸೋಮನಾಥಪುರದ ಬಾಡಿಗೆ ಸೇರಿ 6,000. ಊಟ ತಿಂಡಿ 6,500. ದೋಣಿ, ಪ್ರವೇಶ, ಹೂವು, ಕಾಣಿಕೆಗೆ 1,500. ಒಟ್ಟು 41,500. ಉಳಿದ 3,500ನ್ನು ಮುಂಗಡವಾಗಿ ಯಾವುದಕ್ಕೂ ಹಂಚಬೇಡಿ. ಒಬ್ಬರಿಗೆ ಜ್ವರ ಬಂದರೆ ವೈದ್ಯರಿಗಾಯಿತು, ಬರದಿದ್ದರೆ ಗುರುವಾರ ಸಂಜೆ ನಿಮ್ಮ ಹೆಂಡತಿ ಏನು ಕೇಳುತ್ತಾರೋ ಅದಕ್ಕೆ.

ರೈಲಿನ ಟಿಕೆಟನ್ನು ತಡಮಾಡದೆ ಕಾದಿರಿಸಿ, ದಿನಾಂಕಕ್ಕೆ 60 ದಿನ ಮೊದಲು ಕಾದಿರಿಸುವಿಕೆ ತೆರೆಯುತ್ತದೆ. ಮದುವೆಯ ಮರುದಿನವೇ ಹೊರಡುವಂತೆ ಮಾತ್ರ ಮಾಡಬೇಡಿ. ತವರಿಗೆ ಕರೆಯುವ ಶಾಸ್ತ್ರ ಯಾವ ದಿನ ಎಂದು ಎರಡೂ ಮನೆಯ ಹಿರಿಯರನ್ನು ಒಟ್ಟಿಗೆ ಕೂರಿಸಿ ಕೇಳಿ, ಆಮೇಲೆ ಶನಿವಾರ ರಾತ್ರಿಯ ರೈಲು ಹುಡುಕಿ.